ಹಂಪಿಗೆ ಮೊದಲ ಸಲ: ಎರಡು ದಿನ, ಇಬ್ಬರಿಗೆ

ರಮ್ಯಾ ಅವರೇ, ಹಂಪಿ ನೋಡಲು ಎರಡು ದಿನ ಸಾಕೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸಾಕು. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿ.ಮೀ., ಸರ್ಕಾರಿ ಬಸ್ಸೇ ಅಗ್ಗ.

ಮೊದಲ ದಿನ ವಿರೂಪಾಕ್ಷ ದೇವಸ್ಥಾನ, ಹೇಮಕೂಟ ಬೆಟ್ಟ. ಸಂಜೆಗೆ ಮಾತಂಗ ಬೆಟ್ಟ. ಇಳಿಯುವಾಗ ಕತ್ತಲಾಗುತ್ತದೆ, ಟಾರ್ಚ್ ಇರಲಿ.

ಎರಡನೇ ದಿನ ಬೆಳಿಗ್ಗೆಯೇ ವಿಠ್ಠಲ ದೇವಸ್ಥಾನಕ್ಕೆ ಹೋಗಿ. ಹಂಪಿಯ ಫೋಟೊಗಳಲ್ಲಿ ಕಾಣುವ ಕಲ್ಲಿನ ರಥ ಅಲ್ಲಿಯದೇ. ಅಲ್ಲಿನ ಟಿಕೆಟ್ ಎಸೆಯಬೇಡಿ! ಅದೇ ದಿನ ಕಮಲ ಮಹಲಿಗೂ ಅದೇ ನಡೆಯುತ್ತದೆ. ಬಹಳ ಜನ ಇವೆರಡನ್ನು ಬೇರೆ ಬೇರೆ ದಿನ ಇಟ್ಟುಕೊಂಡು ಎರಡು ಸಲ ದುಡ್ಡು ಕೊಡುತ್ತಾರೆ.

ಖರ್ಚು ಅಂದಾಜು: ಸ್ಲೀಪರ್ ರೈಲು ಹೋಗಿಬರಲು 1,200, ಸಾಧಾರಣ ರೂಮ್ 1,500, ಆಟೊ 1,200, ಊಟ 1,600, ಟಿಕೆಟ್-ಇತರೆ 500. ಒಟ್ಟು 6,000. ಆಟೊ ದರವನ್ನು ನೋಡುವ ಜಾಗಗಳ ಹೆಸರು ಹೇಳಿಯೇ ಮಾತಾಡಿ. ಏಪ್ರಿಲ್-ಮೇ ಬೇಡ, ಬಂಡೆ ಕಾದು ಬರಿಗಾಲಲ್ಲಿ ನಿಲ್ಲಲಾಗದು.