ಬದಿಯಡ್ಕದ ನಮ್ಮ ಜವಳಿ ಅಂಗಡಿಯ ಹೊಸ ವಿನ್ಯಾಸ: ಏನು ಬೇಕು, ಏನು ಬೇಡ

ಮೇಡಂ, ನಮಸ್ಕಾರ.

ಮೊನ್ನೆ ಅಳತೆ ತೆಗೆದುಕೊಂಡು ಹೊರಡುವಾಗ, ಏನೇನು ಬೇಕು ಅಂತ ಬರೆದು ಕಳಿಸಿ ಎಂದಿದ್ದಿರಿ. ಬರೆಯಲು ಕುಳಿತರೆ ಎರಡು ಸಂಜೆ ಹೋಯಿತು. ನಡುನಡುವೆ ಗಿರಾಕಿಗಳು ಬರುತ್ತಿದ್ದರು, ಹಾಗಾಗಿ ಹೇಳಿದ್ದು ಸ್ವಲ್ಪ ಹಿಂದೆಮುಂದೆ ಆಗಿರಬಹುದು.

ಇರುವ ಜಾಗ ನಿಮಗೆ ಗೊತ್ತೇ ಇದೆ. ಕೆಳಗೆ 22 ಅಡಿ ಅಗಲ, 48 ಅಡಿ ಉದ್ದ. ಹಿಂದಿನ 20 ಅಡಿಯ ಮೇಲೆ ಅಟ್ಟ. ಗೋಡೆ ಮುರಕಲ್ಲಿನದು, ಅಪ್ಪ ಕಟ್ಟಿಸಿದ್ದು. ಮುಖ ಪಡುವಣಕ್ಕೆ, ಚೆರ್ಕಳ–ಕಲ್ಲಡ್ಕ ರಸ್ತೆಗೆ. ಬಡಗಿನ ಗೋಡೆ ಪಕ್ಕದ ದಿನಸಿ ಅಂಗಡಿಗೆ ಅಂಟಿಕೊಂಡಿದೆ. ತೆಂಕಿನದ್ದು ಓಣಿಗೆ ತೆರೆದಿದೆ, ಮಳೆಯೆಲ್ಲ ಅದಕ್ಕೇ ಬಡಿಯುವುದು.

ಗಿರಾಕಿಗಳು ನೀರ್ಚಾಲು, ಪೆರ್ಲ, ಮುಳ್ಳೇರಿಯ, ಕುಂಬ್ಡಾಜೆ ಕಡೆಯವರು. ಮನೆಯವರೊಳಗೆ ತುಳುವಿನಲ್ಲಿ ಚರ್ಚೆ, ನನ್ನ ಹತ್ತಿರ ಕನ್ನಡದಲ್ಲಿ ಚೌಕಾಸಿ, ಸೇಲ್ಸ್ ಹುಡುಗಿಯ ಹತ್ತಿರ ಮಲಯಾಳದಲ್ಲಿ ಬಣ್ಣದ ವಿಚಾರ. ದೊಡ್ಡ ಮದುವೆ ಜವಳಿಗೆ ಕೆಲವರು ಮಂಗಳೂರಿಗೋ ಪುತ್ತೂರಿಗೋ ಹೋಗುತ್ತಾರೆ. ಅವರನ್ನು ಇಲ್ಲೇ ನಿಲ್ಲಿಸಬೇಕು ಅಂತಲೇ ಈ ಖರ್ಚಿಗೆ ಇಳಿದದ್ದು.

ಮೊದಲು ಮಡಚುವ ಜಾಗ

ನಮ್ಮ ಕಷ್ಟ ಸೀರೆ ತೋರಿಸುವುದರಲ್ಲಿ ಇಲ್ಲ, ತೋರಿಸಿದ ಮೇಲೆ ಇದೆ. ಒಂದು ಮದುವೆ ಮನೆಯವರು ಬಂದರೆ ಹನ್ನೆರಡು ಜನ ಜೀಪಿನಿಂದ ಇಳಿಯುತ್ತಾರೆ. ಧಾರೆ ಸೀರೆ ಒಂದು, ಕೊಡುವ ಸೀರೆ ಹದಿನೈದು. ಅಷ್ಟಕ್ಕೆ ಅರುವತ್ತು ಎಪ್ಪತ್ತು ಸೀರೆ ಬಿಡಿಸುತ್ತೇವೆ. ಅವರು ಹೋದ ಮೇಲೆ ಕೌಂಟರ್ ಮೇಲೆ ಗುಡ್ಡೆ. ಒಂದು ಸೀರೆ, ರವಿಕೆ ಬಟ್ಟೆ ಸೇರಿ, ಆರು ಮೀಟರಿಗಿಂತ ಜಾಸ್ತಿ. ಇಬ್ಬರು ಎರಡು ತುದಿ ಹಿಡಿದು ನಿಲ್ಲದೆ ನೆಟ್ಟಗೆ ಮಡಚಲು ಆಗುವುದಿಲ್ಲ. ನಿಲ್ಲಲು ಜಾಗ ಎಲ್ಲಿದೆ? ಜಾನಕಿ ಅಕ್ಕ ಒಂದು ತುದಿಯನ್ನು ಗಲ್ಲದಡಿ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ ಒಬ್ಬಳೇ ಮಡಚುತ್ತಾಳೆ. ಅಷ್ಟರಲ್ಲಿ ಮುಂದಿನ ಗಿರಾಕಿ ಬಂದು ಆ ಗುಡ್ಡೆ ನೋಡಿ, "ಆಮೇಲೆ ಬರ್ತೇವೆ" ಅಂತ ಹೋಗುತ್ತಾರೆ. ಆಮೇಲೆ ಬರುವುದಿಲ್ಲ, ಅದು ನಿಮಗೂ ಗೊತ್ತು.

ಆದ್ದರಿಂದ ಸೀರೆ ವಿಭಾಗದ ಬೆನ್ನಿಗೇ, ಗಿರಾಕಿಯ ಕಣ್ಣಿಗೆ ಬೀಳದ ಹಾಗೆ, ಎಂಟು ಅಡಿ ಉದ್ದದ ಮಡಚುವ ಮೇಜು ಬೇಕು. ಎರಡೂ ಕಡೆ ನಿಲ್ಲಲು ಜಾಗ ಬಿಡಿ. ಬಿಡಿಸಿದ್ದನ್ನು ಕೌಂಟರಿನಿಂದ ಹಿಂದಕ್ಕೆ ಜಾರಿಸಿದರೆ ಅಲ್ಲಿಗೇ ತಲುಪಬೇಕು. ಈ ಮೇಜಿಗಾಗಿ ಶೋಕೇಸ್ ಒಂದು ಕಮ್ಮಿ ಆದರೂ ನನಗೆ ಬೇಜಾರಿಲ್ಲ. ಉಳಿದ ಪ್ಲಾನೆಲ್ಲ ಇದರ ಸುತ್ತ ಕೂರಲಿ.

ತೋರಿಸುವುದು

ಎರಡು ಬಗೆಯ ಜಾಗ ಬೇಕು. ದಿನದ ಗಿರಾಕಿ ಲುಂಗಿ, ಬೈರಾಸು, ನೈಟಿ, ಒಳ ಉಡುಪು ಕೇಳುವವರು. ಅವರಿಗೆ ಬಾಗಿಲ ಹತ್ತಿರ ನಿಂತುಕೊಂಡೇ ವ್ಯಾಪಾರ ಮುಗಿಯಬೇಕು. ಒಳ ಉಡುಪಿನ ಕೌಂಟರ್ ಮಾತ್ರ ಒಂದು ಮೂಲೆಗೆ ತಿರುಗಿರಲಿ, ಹೆಂಗಸರು ಮೆಲ್ಲಗೆ ಕೇಳುವಂತಿರಲಿ.

ರೇಷ್ಮೆಗೆ ಒಳಗೆ ಗಾದಿ. ಅಪ್ಪನ ಕಾಲದ ಗಾದಿ ನೆಲದಲ್ಲೇ ಇತ್ತು. ಈಗ ಅಜ್ಜಿಯಂದಿರಿಗೆ ಮೊಣಗಂಟು ನೋವು, ಕೂತರೆ ಏಳಿಸಲು ಇಬ್ಬರು ಬೇಕು. ಹಾಗಾಗಿ ಗಾದಿಯನ್ನು 18 ಇಂಚು ಎತ್ತರಕ್ಕೆ ಏರಿಸಿ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಗಂಡಸರಿಗೆ ಗೋಡೆ ಬದಿ ಒಂದು ಬೆಂಚು, ಪಕ್ಕದಲ್ಲಿ ಮೊಬೈಲ್ ಚಾರ್ಜ್ ಮಾಡುವ ಎರಡು ಪ್ಲಗ್. ಅವರು ಸುಮ್ನೆ ಕೂತರೆ ಅರ್ಧ ವ್ಯಾಪಾರ ಆದಂತೆ.

ಕಾಸರಗೋಡು ಸೀರೆಗೆ ಬೇರೆಯೇ ಒಂದು ಜಾಗ ಕೊಡಿ. 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಕೈಮಗ್ಗದ ಹತ್ತಿ ಸೀರೆ ಅದು. ನಮ್ಮದೇ ಊರಿನ ಹೆಸರು, ನಮ್ಮ ಅಂಗಡಿಯಲ್ಲಿ ಕೆಳಗಿನ ಹಲಗೆಯಲ್ಲಿ ಬಿದ್ದಿದೆ. ತಪ್ಪು ನನ್ನದೇ. ಬಾಗಿಲು ದಾಟಿದ ಕೂಡಲೇ, ಕೈಯಿಂದ ಮುಟ್ಟಿ ನೋಡುವಂತೆ ಇಡಬೇಕು. ಗಾಜು ಬೇಡ. ಹತ್ತಿ ಸೀರೆಯನ್ನು ಮುಟ್ಟದೆ ಯಾರೂ ಕೊಳ್ಳುವುದಿಲ್ಲ.

ಬೆಳಕಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಈಗ ಪ್ರತಿ ಎರಡನೇ ಗಿರಾಕಿ ಸೀರೆ ಹಿಡಿದು ರಸ್ತೆಗೆ ಹೋಗುತ್ತಾರೆ, ಬಣ್ಣ ಸರಿ ಕಾಣುವುದಿಲ್ಲ ಅಂತ. ಮಳೆ ಇದ್ದರೆ ಜಗಲಿಯಲ್ಲಿ ನಿಂತು ಕತ್ತು ಉದ್ದ ಮಾಡುತ್ತಾರೆ. ನಮ್ಮ ಟ್ಯೂಬ್‌ಲೈಟಿನಡಿ ಪಾಚಿ ಹಸಿರೂ ನವಿಲು ಹಸಿರೂ ಒಂದೇ. ಸೀರೆ ಮತ್ತು ಪ್ಯಾಂಟ್–ಶರ್ಟ್ ಪೀಸಿನ ಕೌಂಟರಿಗೆ 4000 ಕೆಲ್ವಿನ್‌ನ, ಬಣ್ಣ ಸರಿ ತೋರಿಸುವ ಅಳತೆ ಸಿಆರ್‌ಐ 90ಕ್ಕಿಂತ ಕಮ್ಮಿ ಇಲ್ಲದ ದೀಪ ಹಾಕಿಸಿ. ಹಳದಿ ಬೆಳಕಿನಡಿ ಎಲ್ಲವೂ ಬಂಗಾರದಂತೆ ಕಾಣುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. ಅಂಗಡಿಯಲ್ಲಿ ಬಂಗಾರದಂತೆ ಕಂಡದ್ದು ಮನೆಯಲ್ಲಿ ಕಾಣದಿದ್ದರೆ ಸೀರೆ ವಾಪಸ್ ಬರುವುದು ನನ್ನ ಹತ್ತಿರಕ್ಕೆ, ಅಲ್ವಾ?

ದಾಸ್ತಾನು

ಇಲ್ಲಿನ ಶತ್ರು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ. ಹೋದ ಜುಲೈ–ಆಗಸ್ಟ್‌ನ ಆಟಿ ತಿಂಗಳಲ್ಲಿ ತೆಂಕು ಗೋಡೆಯ ಕೆಳ ಹಲಗೆಯಿಂದ ಬಿಳಿ ಪಂಚೆಯ ಒಂದು ಕಟ್ಟು ತೆಗೆದರೆ ನಡುವಿನ ನಾಲ್ಕಕ್ಕೆ ಬೂಷ್ಟು. ಹೊರಗಿನವು ಚೆನ್ನಾಗಿಯೇ ಇದ್ದವು. ಬೂದಿ ಬಣ್ಣದ ಚುಕ್ಕೆ, ಮಾವಿನ ಎಲೆಯಷ್ಟು ಅಗಲ, ನಾಲ್ಕರಲ್ಲೂ ಒಂದೇ ಜಾಗದಲ್ಲಿ. ಒಗೆದರೂ ಹೋಗಲಿಲ್ಲ.

ಆದ್ದರಿಂದ ತೆಂಕು ಗೋಡೆಗೆ ಬಟ್ಟೆಯ ಕಪಾಟು ಬೇಡವೇ ಬೇಡ. ಅಲ್ಲಿ ಮೆಟ್ಟಿಲು, ಟ್ರಯಲ್ ರೂಮು, ಕನ್ನಡಿ ಬರಲಿ. ಉಳಿದ ಕಪಾಟುಗಳೂ ಗೋಡೆಯಿಂದ ಎರಡು ಇಂಚು ಬಿಟ್ಟು, ನೆಲದಿಂದ ಆರು ಇಂಚು ಮೇಲೆ ಇರಲಿ, ಹಿಂದೆ ಗಾಳಿ ಆಡಲಿ. ಪ್ಲೈವುಡ್ ನೀರು ತಾಳುವ ಐಎಸ್ 710 ದರ್ಜೆಯದ್ದೇ ಆಗಬೇಕು, ಅಂಚಿನಲ್ಲಿ ಆ ಗುರುತನ್ನು ನಾನೇ ನೋಡುತ್ತೇನೆ. ಒರಲೆಗೆ ಮೊದಲೇ ಮದ್ದು ಹೊಡೆಸಿ.

ಕಪಾಟಿನ ಖಾನೆಗಳ ಅಳತೆ ನಾನೇ ತೆಗೆದಿದ್ದೇನೆ. ಪೆಟ್ಟಿಗೆಯ ಸೀರೆಗೆ 16 ಇಂಚು ಆಳ ಸಾಕು. 58 ಇಂಚು ಪನ್ನದ ಪ್ಯಾಂಟ್ ಬಟ್ಟೆ ನಡುವೆ ಮಡಚಿ ಸುತ್ತಿದರೆ 29 ಇಂಚು, ಆ ಖಾನೆಗಳು 31 ಇಂಚು ಅಗಲ ಇರಲಿ. ಒಂದು ಖಾನೆಯಲ್ಲಿ ಹತ್ತು ಸೀರೆಗಿಂತ ಜಾಸ್ತಿ ಬೇಡ. ಹದಿನೈದು ಇಟ್ಟರೆ ಅಡಿಯದ್ದು ಎಳೆಯುವಾಗ ಮೇಲಿನವೆಲ್ಲ ಕುಸಿಯುತ್ತವೆ. ಏಳು ಅಡಿಗಿಂತ ಮೇಲೆ ದಿನದ ಸರಕು ಇಡುವುದಿಲ್ಲ. ಸೇಲ್ಸ್‌ನವರೆಲ್ಲ ಹೆಂಗಸರು, ಸೀರೆ ಉಟ್ಟುಕೊಂಡು ಏಣಿ ಹತ್ತುವುದು ನೋಡಿದರೆ ನನಗೇ ಹೆದರಿಕೆ.

ಅಟ್ಟಕ್ಕೆ ಸೀಸನ್ ಸರಕು: ಶಾಲೆ ಯೂನಿಫಾರ್ಮ್, ಓಣಂನ ಕಸವು ಸೀರೆ, ಬೆಡ್‌ಶೀಟ್. ಭಾರ ಎಷ್ಟು ತಾಳುತ್ತದೆ ಎಂದು ಮೊದಲು ಲೆಕ್ಕ ಹಾಕಿಸಿ. ಬಟ್ಟೆ ಹಗುರ ಅಂತ ಜನ ಅಂದುಕೊಳ್ಳುತ್ತಾರೆ, ಒಂದು ಬೇಲು ಎತ್ತಿದವರಿಗೆ ಗೊತ್ತು. ಬೇಲು ಮೇಲೇರಿಸಲು ಹಿಂಬದಿಯಲ್ಲಿ ಒಂದು ರಾಟೆ ಕೊಟ್ಟರೆ ಉಪಕಾರ. ಹಿಂದಿನ ಬಾಗಿಲು ಹೊರಕ್ಕೆ ತೆರೆಯಬೇಕು, ಅದರ ಮುಂದೆ ಏನನ್ನೂ ಇಡಲು ಆಗದಂತೆ ಮಾಡಿ. ಕಪಾಟಿನೊಳಗೆ ದೀಪ, ವಯರು ಯಾವುದೂ ಬೇಡ. ಬೆಂಕಿ ಬಿದ್ದರೆ ಜವಳಿ ಅಂಗಡಿಗೆ ಹತ್ತು ನಿಮಿಷ ಸಾಕು.

ಬಿಲ್ಲಿಂಗ್

ಈಗ ಗಲ್ಲಾ ಬಾಗಿಲಲ್ಲೇ ಇದೆ. ದುಡ್ಡು ಕೊಡುವವರು, ಒಳಗೆ ಬರುವವರು, ಕೊಡೆ ಮಡಚುವವರು ಎಲ್ಲ ಒಂದೇ ಕಡೆ. ಅದನ್ನು ಎಡಬದಿಗೆ, ಬಾಗಿಲಿನಿಂದ ಹತ್ತು ಅಡಿ ಒಳಗೆ ತನ್ನಿ. ನಾನು ಕೂತಲ್ಲಿಂದ ಬಾಗಿಲು, ಮೆಟ್ಟಿಲು, ಗಾದಿ ಮೂರೂ ಕಾಣಬೇಕು. ಟ್ರಯಲ್ ರೂಮಿನ ಬಾಗಿಲು ನನ್ನ ಕಣ್ಣಿಗೆ ನೇರ ಬೀಳಬಾರದು.

ಬಿಲ್ ಒಂದು ಕಡೆ, ಕಟ್ಟಿ ಕೊಡುವುದು ಅದರ ಪಕ್ಕ. ನಡುವೆ ನಾಲ್ಕು ಅಡಿ ಅಂತರ ಇರಲಿ. ಕಂಪ್ಯೂಟರ್, ಪ್ರಿಂಟರ್, ಕಾರ್ಡ್ ಮೆಷಿನ್, ಯುಪಿಐ ಪೆಟ್ಟಿಗೆ ನಾಲ್ಕಕ್ಕೂ ಇನ್ವರ್ಟರ್ ಲೈನ್ ಕೊಡಿ. ಮಳೆಗಾಲದಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಮೀಟರ್ ಅಳತೆಯನ್ನು ಕೌಂಟರಿನ ಅಂಚಿಗೆ ಕೆತ್ತಿಸುವುದು ಬೇಡ. ಸರ್ಕಾರಿ ಮುದ್ರೆ ಬಿದ್ದ ಕೋಲಿನಲ್ಲೇ ಅಳೆಯಬೇಕು, ಆ ಕೋಲು ಇಡಲು ಒಂದು ಉದ್ದ ಗುಳಿ ತೋಡಿದರೆ ಸಾಕು.

ಇನ್ನೊಂದು ಸಣ್ಣ ವಿಷಯ. ಸಾಲ ಕೇಳುವವರು ಈಗಲೂ ಇದ್ದಾರೆ. ಅಡಿಕೆ ಮಾರಿದ ಮೇಲೆ ಕೊಡುತ್ತಾರೆ, ಕೊಡದವರು ಕಮ್ಮಿ. ಆದರೆ ನಾಲ್ಕು ಜನರೆದುರು ಕೇಳಲು ಅವರಿಗೆ ಸಂಕೋಚ. ಗಲ್ಲಾದ ಒಳಬದಿಯಲ್ಲಿ, ಸ್ವಲ್ಪ ಮರೆಯಲ್ಲಿ, ಒಂದು ಕುರ್ಚಿ ಹಿಡಿಯುವಷ್ಟು ಜಾಗ ಬಿಡಿ. ಅಪ್ಪನ ಹಲಸಿನ ಮರದ ಮೇಜು ಅಲ್ಲಿಗೇ ಬರಲಿ. ಅದಕ್ಕೆ ಪಾಲಿಶ್ ಬೇಕಾದರೆ ಹಾಕಿ, ಬದಲಾಯಿಸಬೇಡಿ.

ಮುಂಭಾಗ

ಪೂರ್ತಿ ಗಾಜು ಬೇಡ. ಪಡುವಣ ಬಿಸಿಲು ಮೂರು ಗಂಟೆಯಿಂದ ನೇರ ಒಳಗೆ ಬರುತ್ತದೆ. ಗೊಂಬೆಗೆ ಉಡಿಸಿದ್ದ ಬದನೆ ಬಣ್ಣದ ಸೀರೆಯನ್ನು ದೀಪಾವಳಿ ಕಳೆದು ಬಿಚ್ಚಿದರೆ, ನೆರಿಗೆಯ ಒಳಗೆ ಬದನೆ, ಹೊರಗೆ ಈರುಳ್ಳಿ ಸಿಪ್ಪೆ. ಎರಡೂ ಬದಿಯಲ್ಲಿ ಐದು ಅಡಿಯ ಒಂದೊಂದು ಶೋಕೇಸ್ ಸಾಕು, ಮೂರು ಅಡಿ ಆಳ, ಒಳಗಿನಿಂದ ತೆರೆಯುವಂತಿರಲಿ. ಗೊಂಬೆ ಒಟ್ಟು ನಾಲ್ಕು. ಮೇಲೆ ಹೊರಚಾಚಿದ ಮಾಡು ಬರಬೇಕು, ಬಿಸಿಲಿಗೂ ಮಳೆಗೂ. ಎಷ್ಟು ಚಾಚಬಹುದು ಎನ್ನುವುದನ್ನು 2019ರ ಪಂಚಾಯತ್ ಕಟ್ಟಡ ನಿಯಮ ನೋಡಿ ನೀವೇ ತೀರ್ಮಾನಿಸಿ. ಅನುಮತಿ ಬೇಕಿದ್ದರೆ ಮೊದಲು ಅದು, ಆಮೇಲೆ ಕೆಲಸ.

ಈಗಿನ ಮೂರು ಮೆಟ್ಟಿಲಿನ ಒಂದು ಬದಿ ಇಳಿಜಾರು ಮಾಡಿ. ಜಗಲಿಯಲ್ಲಿ ಮೂವತ್ತು ಕೊಡೆ ಹಿಡಿಯುವ ಸ್ಟ್ಯಾಂಡ್, ಅಡಿಯಲ್ಲಿ ನೀರು ಹೋಗುವ ಕಿಂಡಿ. ಒದ್ದೆ ಕೊಡೆ ರೇಷ್ಮೆಯ ಹತ್ತಿರ ಬರುವುದು ನನಗೆ ಕನಸಿನಲ್ಲೂ ಬೇಡ.

ಬೋರ್ಡಿನಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಇರಲಿ. ಕನ್ನಡದ ಅಕ್ಷರ ಮಲಯಾಳದಷ್ಟೇ ದೊಡ್ಡದು. ಅಕ್ಷರ ಬರೆಯುವ ಮೊದಲು ನನಗೆ ತೋರಿಸಿ. ಹಿಂದಿನ ಸಲ ಒತ್ತಕ್ಷರ ತಪ್ಪಿ "ವಸ್ತ್ರ" ಹೋಗಿ "ವಸರ" ಆಗಿತ್ತು, ಆರು ತಿಂಗಳು ಊರಿಗೆಲ್ಲ ನಗೆ.

ಉಳಿದದ್ದು

ಕೆಲಸದವರಿಗೆ ಕೂರುವ ಸ್ಟೂಲ್ ಪ್ರತಿ ಕೌಂಟರಿನಲ್ಲೂ ಇರಬೇಕು. ಕೇರಳದಲ್ಲಿ 2018ರಿಂದ ಅದು ಕಾನೂನು. ಕಾನೂನಿಲ್ಲದಿದ್ದರೂ ಬೇಕು. ಸ್ಟೂಲ್ ಕಾಲಿಗೆ ಅಡ್ಡ ಬರದಂತೆ ಕೌಂಟರಿನ ಅಡಿಗೆ ಸರಿಯಬೇಕು. ಹೆಂಗಸರಿಗೆ ಒಂದು ಶೌಚಾಲಯ. ಟ್ರಯಲ್ ರೂಮು ಎರಡು, ಒಳಗೆ ಗಟ್ಟಿ ಚಿಲಕ, ಮೇಲೆ ಕೆಳಗೆ ಸಂದು ಇರಬಾರದು. ಫಾಲ್, ಪೀಕೊ ಮಾಡುವ ಹೊಲಿಗೆಯವನಿಗೆ ಮೆಟ್ಟಿಲಡಿ ಸಾಕು. ಎಸಿ ಗಾದಿ ಜಾಗಕ್ಕೆ ಮಾತ್ರ.

ಖರ್ಚು ಎಲ್ಲ ಸೇರಿ 28 ಲಕ್ಷ, ನಿಮ್ಮ ಫೀಸೂ ಅದರಲ್ಲೇ. ದುಡ್ಡು ಸಾಲದಿದ್ದರೆ ಕಡಿಯುವ ಕ್ರಮ ಇದು: ಮೊದಲು ಫಾಲ್ಸ್ ಸೀಲಿಂಗ್, ಆಮೇಲೆ ಎಸಿ, ಆಮೇಲೆ ಒಂದು ಶೋಕೇಸ್. ಮಡಚುವ ಮೇಜು, ದೀಪ, ಪ್ಲೈವುಡ್ ಮುಟ್ಟಬೇಡಿ.

ವಿಷು, ಮದುವೆ, ಶಾಲೆ ಶುರು ಆಗುವವರೆಗೆ ಅಂಗಡಿ ಮುಚ್ಚಲಾರೆ. ವ್ಯಾಪಾರ ಕಮ್ಮಿ ಇರುವುದು ಆಟಿಯಲ್ಲಿ, ಆದರೆ ಆಗ ಪಾಲಿಶ್ ಒಣಗುವುದಿಲ್ಲ. ಹಾಗಾಗಿ ಕಪಾಟುಗಳನ್ನು ಏಪ್ರಿಲ್–ಮೇಯಲ್ಲೇ ಆಚಾರಿಯ ಶೆಡ್ಡಿನಲ್ಲಿ ಮಾಡಿಸಿ ಒಣಗಿಸಿ ಇಡೋಣ, ಆಟಿಯಲ್ಲಿ ಬರೀ ಜೋಡಿಸುವುದು. ಅರ್ಧ ಅಂಗಡಿ ಒಂದು ಸಲ, ಒಟ್ಟು 20 ದಿನ. ಓಣಂ ವ್ಯಾಪಾರಕ್ಕೆ ಒಳಗೆಲ್ಲ ತಯಾರಿರಬೇಕು. ಮುಂಭಾಗದ ಕೆಲಸ ಮಳೆ ಬಿಟ್ಟ ಮೇಲೆ.

ಪ್ಲಾನ್ ಬರೆಯುವ ಮೊದಲು ಒಂದು ಕೆಲಸ ಮಾಡಿ. ಬರುವ ಗುರುವಾರ ಮುಳ್ಳೇರಿಯ ಕಡೆಯ ಒಂದು ಮದುವೆ ಮನೆಯವರು ಜವಳಿಗೆ ಬರುತ್ತಾರೆ. ನೀವು ಹತ್ತು ಗಂಟೆಗೆ ಬಂದು ಬೆಂಚಿನಲ್ಲಿ ಕೂತು ನೋಡಿ. ಅವರು ಹೋದ ಮೇಲೂ ಒಂದು ಗಂಟೆ ಕೂತಿರಿ, ಜಾನಕಿ ಅಕ್ಕ ಮಡಚುವುದನ್ನು ನೋಡಬೇಕು. ಊಟ ನಮ್ಮ ಮನೆಯಲ್ಲೇ, ಬುತ್ತಿ ತರಬೇಡಿ.

ಇಂತಿ,
ಬದಿಯಡ್ಕದ ಜವಳಿ ಅಂಗಡಿಯವ