ಗಂಟೆಯ ಲೆಕ್ಕದ ಶ್ರಮ: ಬೆಂಗಳೂರಿನ ಸಾಫ್ಟ್‌ವೇರ್ ಸೇವೆ ಮತ್ತು ಅರೆಪರಿಧಿಯ ಪ್ರಶ್ನೆ

ಕೇಂದ್ರ, ಪರಿಧಿ, ಅರೆಪರಿಧಿ ಎಂಬ ಮೂರು ಪದಗಳನ್ನು ನಮ್ಮ ಅಭಿವೃದ್ಧಿ ಚರ್ಚೆಗಳಲ್ಲಿ ಭೂಪಟಕ್ಕೆ ಬಣ್ಣ ಹಚ್ಚುವಂತೆ ಬಳಸುವ ರೂಢಿಯಿದೆ: ಅಮೆರಿಕ ಕೇಂದ್ರ, ಆಫ್ರಿಕದ ಬಹುಭಾಗ ಪರಿಧಿ, ಭಾರತ ಮತ್ತು ಬ್ರೆಜಿಲ್ ಅರೆಪರಿಧಿ. 1974ರಲ್ಲಿ ವಿಶ್ವ ವ್ಯವಸ್ಥೆಯ ಕುರಿತ ಗ್ರಂಥಮಾಲೆಯ ಮೊದಲ ಸಂಪುಟವನ್ನು ಪ್ರಕಟಿಸಿದ ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನ್ಯುಯೆಲ್ ವಾಲರ್‌ಸ್ಟೈನ್ ಮುಂದೆ ಇದನ್ನು ವಿವರಿಸುವಾಗ ಈ ವಿಶೇಷಣಗಳು ಮೂಲತಃ ದೇಶಗಳಿಗಲ್ಲ, ಉತ್ಪಾದನಾ ಪ್ರಕ್ರಿಯೆಗಳಿಗೆ ಸಲ್ಲುತ್ತವೆ ಎಂದರು. ಕೆಲವೇ ಕೈಗಳಲ್ಲಿ ಬಹುಮಟ್ಟಿಗೆ ಏಕಸ್ವಾಮ್ಯ ಉಳಿದಿರುವ ಉತ್ಪಾದನೆ ಕೇಂದ್ರದ್ದು; ಯಾರು ಬೇಕಾದರೂ ಮಾಡಬಲ್ಲ, ಆದ್ದರಿಂದ ಪೈಪೋಟಿಯಲ್ಲಿ ಲಾಭ ಕರಗುವ ಉತ್ಪಾದನೆ ಪರಿಧಿಯದ್ದು. ಇವೆರಡರ ನಡುವೆ ವಿನಿಮಯ ನಡೆದಾಗ ಮಿಗುತಾಯ ಪರಿಧಿಯಿಂದ ಕೇಂದ್ರದತ್ತ ಹರಿಯುತ್ತದೆ. ಎರಡೂ ಬಗೆಯ ಪ್ರಕ್ರಿಯೆಗಳು ಹೆಚ್ಚೂಕಡಿಮೆ ಸಮನಾಗಿ ಬೆರೆತಿರುವ ದೇಶ ಅರೆಪರಿಧಿ. 1800ರ ಸುಮಾರಿಗೆ ಕೇಂದ್ರದ ಉದ್ಯಮವಾಗಿದ್ದ ಜವಳಿ ಎರಡು ಶತಮಾನಗಳಲ್ಲಿ ಪರಿಧಿಯ ಉದ್ಯಮವಾಯಿತು ಎಂಬ ಅವರ ನಿದರ್ಶನವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಸಾಫ್ಟ್‌ವೇರ್ ಎಂಬ ಹೆಸರಿಗೇ ಕೇಂದ್ರದ ಘನತೆ ಅಂಟಿಕೊಂಡಿದೆ ಎಂಬ ಭ್ರಮೆ ಕಳಚುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೆಂಗಳೂರು ಯಾವ ವರ್ಗಕ್ಕೆ ಸೇರಿದೆ ಎಂಬುದಲ್ಲ, ಬೆಂಗಳೂರಿನಲ್ಲಿ ಮಾರಾಟವಾಗುತ್ತಿರುವುದು ಏನು ಎಂಬುದು.

ಇದಕ್ಕೆ ನೇರ ಉತ್ತರ ಸಿಗುವುದು ಇನ್‌ವಾಯ್ಸಿನಲ್ಲಿ. ಸೇವಾ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲವು ವರ್ಷ ದುಡಿದ ನನಗೆ ಅದರ ಕಾಲಂಗಳು ಇಂದಿಗೂ ಬಾಯಿಪಾಠ: ಹುದ್ದೆ, ಆನ್‌ಸೈಟ್ ಅಥವಾ ಆಫ್‌ಶೋರ್, ತಿಂಗಳ ಗಂಟೆಗಳು, ಗಂಟೆಯ ದರ, ಮೊತ್ತ. ಬರೆದ ಪ್ರೋಗ್ರಾಂ ಏನು ಮಾಡುತ್ತದೆ, ಅದರಿಂದ ಗ್ರಾಹಕ ಬ್ಯಾಂಕಿಗೆ ಎಷ್ಟು ಉಳಿತಾಯವಾಯಿತು ಎಂಬುದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಒಂದೇ ಅನುಭವದ ಇಬ್ಬರು ಎಂಜಿನಿಯರುಗಳು ಒಂದೇ ಪ್ರಾಜೆಕ್ಟಿನಲ್ಲಿದ್ದು, ಒಬ್ಬರು ನ್ಯೂಜೆರ್ಸಿಯಲ್ಲೂ ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲೂ ಕುಳಿತಿದ್ದರೆ, ಮೊದಲ ಸಾಲಿನ ದರ ಎರಡನೆಯದರ ಹಲವು ಪಟ್ಟು ಇರುತ್ತಿತ್ತು. ಶ್ರಮದ ಉತ್ಪಾದಕತೆಯಲ್ಲಿ ಅಷ್ಟು ಅಂತರವಿಲ್ಲದಿದ್ದರೂ ಕೂಲಿಯಲ್ಲಿ ಅಷ್ಟು ಅಂತರವಿರುವುದೇ ಅಸಮಾನ ವಿನಿಮಯದ ತಿರುಳು ಎಂದು ಅರ್ಥಶಾಸ್ತ್ರಜ್ಞ ಅರ್ಗಿರಿ ಇಮ್ಯಾನ್ಯುಯೆಲ್ 1969ರಲ್ಲಿ ವಾದಿಸಿದ್ದರು. ಅವರ ಸಿದ್ಧಾಂತದಲ್ಲಿ ಈ ಅಂತರ ಉಳಿಯುವುದಕ್ಕೆ ಕಾರಣ, ಬಂಡವಾಳ ಗಡಿ ದಾಟಿದಷ್ಟು ಸುಲಭವಾಗಿ ಶ್ರಮಿಕ ದಾಟಲಾರ ಎಂಬುದು. ನಮ್ಮ ಉದ್ಯಮದಲ್ಲಿ ಆ ಗಡಿಗೆ ಎಚ್-1ಬಿ ವೀಸಾ ಎಂಬ ಹೆಸರಿದೆ. 1990ರ ಅಮೆರಿಕದ ವಲಸೆ ಕಾಯ್ದೆ ಅದಕ್ಕೆ ವರ್ಷಕ್ಕೆ 65,000 ಎಂಬ ಮಿತಿ ಹಾಕಿತು. ಬೇಡಿಕೆ ಉಕ್ಕಿದಾಗ ಅಮೆರಿಕ ಅದನ್ನು 1,95,000ಕ್ಕೆ ಏರಿಸಿ, ಬೇಡಿಕೆ ಕುಸಿದ ಮೇಲೆ ಮತ್ತೆ ಇಳಿಸಿತು. ಗಡಿಯ ಬಾಗಿಲನ್ನು ಎಷ್ಟು ತೆರೆಯಬೇಕು ಎಂಬುದನ್ನು ಕೇಂದ್ರದ ಪ್ರಭುತ್ವವೇ ತನ್ನ ಅಗತ್ಯ ನೋಡಿ ತೀರ್ಮಾನಿಸುತ್ತದೆ.

ಹಾಗೆಂದು ಇದನ್ನು ಕಾಫಿ, ಅದಿರುಗಳ ಹಳೆಯ ಪರಿಧಿಯ ಕಥೆಗೆ ಸಮೀಕರಿಸಿದರೆ ಪ್ರಭುತ್ವದ ಪಾತ್ರವೇ ಕಣ್ಣಿಗೆ ಬೀಳುವುದಿಲ್ಲ. 1909ರ ಭಾರತೀಯ ವಿಜ್ಞಾನ ಸಂಸ್ಥೆ, ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಂದ ಸಾರ್ವಜನಿಕ ಉದ್ಯಮಗಳಾದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳು ಬೆಂಗಳೂರಿನಲ್ಲಿ ತಾಂತ್ರಿಕ ಶ್ರಮದ ದೊಡ್ಡ ಕಣಜವನ್ನೇ ತುಂಬಿಟ್ಟಿದ್ದವು. ವಿದೇಶಿ ಪಾಲಿನ ಮೇಲಿನ ನಿರ್ಬಂಧವನ್ನು ಒಪ್ಪದೆ ಐಬಿಎಂ 1978ರಲ್ಲಿ ದೇಶ ಬಿಟ್ಟಾಗ ಆ ತೆರವು ಜಾಗವನ್ನು ದೇಶೀಯ ಕಂಪನಿಗಳು ತುಂಬಿದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದೊಂದಿಗೆ ಬೆಂಗಳೂರಿಗೆ ಬಂತು. 1991ರಲ್ಲಿ ಆರಂಭವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳು ಅಂಥ ಸಂಪರ್ಕವನ್ನು ಸಣ್ಣ ಕಂಪನಿಗಳ ಕೈಗೂ ಎಟುಕುವಂತೆ ಮಾಡಿದವು. ಎಂಜಿನಿಯರನ್ನು ವಿಮಾನ ಹತ್ತಿಸಿ ಕಳಿಸುವ ಬಾಡಿ ಶಾಪಿಂಗ್ ಕ್ರಮೇಣ ಕೆಲಸವನ್ನೇ ಇಲ್ಲಿಗೆ ತರಿಸಿಕೊಳ್ಳುವ ಆಫ್‌ಶೋರ್ ಪದ್ಧತಿಯಾಯಿತು. ತಮ್ಮ ಸ್ಥಾನವನ್ನು ಮೇಲೆತ್ತಲು ಅರೆಪರಿಧಿಯ ದೇಶಗಳು ಪ್ರಭುತ್ವವನ್ನು ಬಳಸುವ ಬಗೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಕಡಿಮೆ.

ಆದರೆ ಏರಿದ ಮೆಟ್ಟಿಲು ಜಾರುವ ಮೆಟ್ಟಿಲಾಗಿತ್ತು. 2000ನೇ ಇಸವಿಗೆಂದು ಕಂಪ್ಯೂಟರುಗಳ ದಿನಾಂಕ ತಿದ್ದಬೇಕಾಗಿ ಬಂದ ವೈ2ಕೆ ದಿನಗಳಲ್ಲಿ ಅಪರೂಪವೆನಿಸಿದ್ದ ಕೌಶಲವನ್ನು ಸಾವಿರಾರು ಎಂಜಿನಿಯರಿಂಗ್ ಕಾಲೇಜುಗಳು ಸಾರ್ವತ್ರಿಕಗೊಳಿಸಿದವು. ದೊಡ್ಡ ಸೇವಾ ಕಂಪನಿಗಳಲ್ಲಿ ಫ್ರೆಷರ್‌ಗಳ ಆರಂಭದ ಸಂಬಳ ಹತ್ತು ವರ್ಷಕ್ಕೂ ಮಿಕ್ಕಿ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ನಿಂತಿತು. ಬೆಲೆಯೇರಿಕೆ ಕಳೆದು ನೋಡಿದರೆ ಅದು ಇಳಿಕೆಯೇ. ತಳದಲ್ಲಿ ಫ್ರೆಷರ್‌ಗಳು ಅಗಲವಾಗಿ, ತುದಿಯಲ್ಲಿ ಅನುಭವಿಗಳು ಕಿರಿದಾಗಿ ಇರಬೇಕೆಂಬ ‘ಪಿರಮಿಡ್’ ಲೆಕ್ಕಾಚಾರ ಈ ಅಗ್ಗದ ತಳದ ಮೇಲೆಯೇ ನಿಂತಿದೆ. ಡಾಲರಿಗೆ 2010ರಲ್ಲಿ 45 ರೂಪಾಯಿಯಷ್ಟಿದ್ದ ವಿನಿಮಯ ದರ 2024ರ ಹೊತ್ತಿಗೆ 83 ದಾಟಿದ್ದು, ಡಾಲರಿನಲ್ಲಿ ಗಳಿಸಿ ರೂಪಾಯಿಯಲ್ಲಿ ಸಂಬಳ ಕೊಡುವ ಕಂಪನಿಗಳ ಲಾಭದ ಪ್ರಮಾಣಕ್ಕೆ ಆಸರೆಯಾಯಿತು. ತನ್ನ ನಾಣ್ಯ ಕುಸಿದರೆ ಉಸಿರಾಡುವ ಉದ್ಯಮವನ್ನು ಕೇಂದ್ರದ್ದೆಂದು ಕರೆಯುವುದು ನನಗಂತೂ ಕಷ್ಟ.

ಇದೇ ನಗರದಲ್ಲಿ ಬೇರೆ ಬಗೆಯ ಮಾರಾಟವೂ ನಡೆಯುತ್ತದೆ. ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಟ್ಯಾಲಿ ಗಂಟೆ ಮಾರುವುದಿಲ್ಲ, ಲೈಸೆನ್ಸ್ ಮಾರುತ್ತದೆ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯ ಮುನೀಮರು ಒಮ್ಮೆ ಅದಕ್ಕೆ ಒಗ್ಗಿಕೊಂಡರೆ ಬದಲಿಸುವ ಗೋಜಿಗೆ ಹೋಗುವುದಿಲ್ಲ, ಆ ಒಗ್ಗಿಕೆಯೇ ಒಂದು ಸಣ್ಣ ಏಕಸ್ವಾಮ್ಯ. ಇನ್ಫೋಸಿಸ್‌ನ ಬ್ಯಾಂಕಿಂಗ್ ಸಾಫ್ಟ್‌ವೇರ್ ಫಿನಾಕಲ್ ಹಲವು ದೇಶಗಳ ಬ್ಯಾಂಕುಗಳಲ್ಲಿದೆ. ನಮ್ಮ ಕಂಪನಿಗಳು ಮೆಕ್ಸಿಕೊ, ಪೋಲೆಂಡ್, ಫಿಲಿಪೀನ್ಸ್‌ಗಳಲ್ಲಿ ಕಚೇರಿ ತೆರೆದು ಅಮೆರಿಕ, ಪಶ್ಚಿಮ ಯುರೋಪಿಗಿಂತ ಅಗ್ಗವಾದ ಅಲ್ಲಿಯ ಶ್ರಮದ ಮೇಲೂ ಲಾಭ ಎಣಿಸುತ್ತವೆ. ಮೇಲಿನವರಿಗೆ ತೆರುತ್ತಾ ಕೆಳಗಿನವರಿಂದ ಪಡೆಯುವ ಈ ಇಬ್ಬಗೆಯೇ ಅರೆಪರಿಧಿಯ ಗುರುತು, ತಲಾ ಆದಾಯದ ಅಂಕಿಯಲ್ಲ.

ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಒಡ್ಡುವುದು ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದರೆ ಜಿಸಿಸಿಗಳು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಇಂದು ಚಿಪ್ ವಿನ್ಯಾಸ ನಡೆಯುತ್ತದೆ, ಬ್ಯಾಂಕುಗಳ ಅಪಾಯ ಗಣನೆಯ ಮಾದರಿಗಳು ತಯಾರಾಗುತ್ತವೆ. ಕೆಲಸದ ಸ್ವರೂಪವನ್ನಷ್ಟೇ ನೋಡಿದವರು ಕೇಂದ್ರವೇ ಇಲ್ಲಿಗೆ ಬಂತು ಎನ್ನುತ್ತಾರೆ. ನಾನು ಅವರಿಗೆ ಆದಾಯ ತೆರಿಗೆ ಇಲಾಖೆಯ ‘ಸೇಫ್ ಹಾರ್ಬರ್’ ನಿಯಮಗಳನ್ನು ಓದಲು ಹೇಳುತ್ತೇನೆ. ವಿದೇಶಿ ಮಾತೃಸಂಸ್ಥೆಗೆ ಇಲ್ಲಿಯ ಅಂಗಸಂಸ್ಥೆ ಸಾಫ್ಟ್‌ವೇರ್ ಮಾಡಿಕೊಟ್ಟರೆ, ವೆಚ್ಚದ ಮೇಲೆ ಕನಿಷ್ಠ ಇಷ್ಟು ಲಾಭ ತೋರಿಸಿದರೆ ಇಲಾಖೆ ಆ ಬೆಲೆಯನ್ನು ತಕರಾರಿಲ್ಲದೆ ಒಪ್ಪುತ್ತದೆ. 2013ರಲ್ಲಿ ಆ ಪ್ರಮಾಣ ಶೇ. 20ರಿಂದ 22 ಇತ್ತು, 2017ರಲ್ಲಿ ಶೇ. 17–18ಕ್ಕೆ ಇಳಿಯಿತು, ಸಾಫ್ಟ್‌ವೇರಿಗೆ ಸಂಬಂಧಿಸಿದ ಗುತ್ತಿಗೆ ಸಂಶೋಧನೆಗೆ ಶೇ. 30 ಇದ್ದದ್ದು 24 ಆಯಿತು. ಅಂದರೆ ಇಲ್ಲಿ ಹುಟ್ಟಿದ ವಿನ್ಯಾಸದಿಂದ ಜಗತ್ತಿನ ಮಾರುಕಟ್ಟೆಯಲ್ಲಿ ಎಷ್ಟೇ ಗಳಿಕೆಯಾಗಲಿ, ಇಲ್ಲಿಯ ಲೆಕ್ಕಕ್ಕೆ ಬರುವುದು ಸಂಬಳ, ಬಾಡಿಗೆ, ಕರೆಂಟು ಬಿಲ್ಲು, ಅದರ ಮೇಲೊಂದು ನಿಗದಿತ ಶೇಕಡಾವಾರು. ಪೇಟೆಂಟು ಮಾತೃಸಂಸ್ಥೆಯ ಹೆಸರಿನಲ್ಲಿರುತ್ತದೆ. ಪ್ರಕ್ರಿಯೆ ಎಂಬುದನ್ನು ಕೈಕೆಲಸದ ಅರ್ಥದಲ್ಲಿ ಹಿಡಿದರೆ ಇದು ಕೇಂದ್ರದ್ದು; ಏಕಸ್ವಾಮ್ಯದ ಲಾಭ ಯಾರ ಖಾತೆಗೆ ಜಮೆಯಾಗುತ್ತದೆ ಎಂದು ನೋಡಿದರೆ ಅಲ್ಲ. ವಾಲರ್‌ಸ್ಟೈನ್ ಅವರ ವ್ಯಾಖ್ಯೆಯನ್ನು ಈ ಎರಡನೆಯ ಅರ್ಥದಲ್ಲಿ ಬಿಗಿಗೊಳಿಸದೆ ಸೇವಾ ಆರ್ಥಿಕತೆಗೆ ಅನ್ವಯಿಸಲಾಗದು ಎಂಬುದು ನನ್ನ ನಿಲುವು.

ಇದೇ ಸರಪಳಿ ರಾಜ್ಯದ ಒಳಗೂ ಇಳಿಯುತ್ತದೆ. ಆ ಗಾಜಿನ ಕಟ್ಟಡಗಳ ಸೆಂಟ್ರಿಂಗ್ ಕಟ್ಟಲು, ಕಾಂಕ್ರೀಟ್ ಹೊರಲು ಬಂದವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯ ಒಣಭೂಮಿಯಿಂದ ಗುಳೆ ಬಂದ ಕುಟುಂಬಗಳಿವೆ. ಎಂಜಿನಿಯರನ ಸಂಬಳ ಡಾಲರಿನ ಲೆಕ್ಕದಲ್ಲಿ ಅಗ್ಗವಾಗಿ ಉಳಿಯಲು ಅವನ ಮನೆಗೆಲಸದವರ, ಕ್ಯಾಬ್ ಚಾಲಕರ ಕೂಲಿ ಇನ್ನಷ್ಟು ಅಗ್ಗವಾಗಿರಬೇಕಾಗುತ್ತದೆ. ರಾಜ್ಯ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮ ಈಗ ಇದೇ ಉದ್ಯಮವನ್ನು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡಗಳತ್ತ ಕರೆಯುತ್ತಿದೆ. ಅಲ್ಲಿಗೆ ಬನ್ನಿ ಎನ್ನಲು ಕೊಡುವ ಕಾರಣಗಳಲ್ಲಿ ಬಾಡಿಗೆ ಕಡಿಮೆ, ವೆಚ್ಚ ಕಡಿಮೆ, ಕೆಲಸ ಬಿಟ್ಟುಹೋಗುವವರು ಕಡಿಮೆ ಎಂಬವು ಸೇರಿವೆ. ಬೆಂಗಳೂರು ಒಂದು ಕಾಲಕ್ಕೆ ಡಲ್ಲಾಸ್‌ಗೂ ನ್ಯೂಜೆರ್ಸಿಗೂ ಇವೇ ಮಾತುಗಳನ್ನು ಹೇಳಿತ್ತು.