ವಿಷಯ: ಕ್ರಾಫ್ಟ್ ಕಾಗದದ ಬಿಲ್‌ಗಳ ಪಾವತಿಗೆ ಹೆಚ್ಚಿನ ಕಾಲಾವಕಾಶ ಕೋರಿ

4 ಆಗಸ್ಟ್ 2025

ಮಾನ್ಯರೇ,

ನಮಸ್ಕಾರ. ಇದನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಲೆಕ್ಕದ ಮಾತು ಬಾಯಿಂದ ಬಾಯಿಗೆ ಹೋದಾಗ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ. ನಿಮ್ಮ ಪಾಲುದಾರರಿಗೂ ಲೆಕ್ಕಪತ್ರ ವಿಭಾಗಕ್ಕೂ ನೀವು ಇದನ್ನು ತೋರಿಸಬೇಕಾಗುತ್ತದೆ ಎಂದು ತಿಳಿದೇ ಬರೆದು ಕಳುಹಿಸುತ್ತಿದ್ದೇನೆ.

ನಿಮ್ಮ ಮೂರು ಬಿಲ್‌ಗಳು ನಮ್ಮಲ್ಲಿ ಬಾಕಿ ಇವೆ. ಜುಲೈ 8ರದ್ದು 6,20,000 ರೂಪಾಯಿ, ಜುಲೈ 19ರದ್ದು 5,40,000, ಜುಲೈ 30ರದ್ದು 4,80,000. ಒಟ್ಟು 16,40,000 ರೂಪಾಯಿ. ಮೂವತ್ತು ದಿನಗಳ ನಮ್ಮ ಒಪ್ಪಂದದಂತೆ ಮೊದಲನೆಯದನ್ನು ಇದೇ 7ರಂದು ತೀರಿಸಬೇಕು. ಇವುಗಳಲ್ಲಿ ಯಾವುದರ ಗಡುವೂ ಇನ್ನೂ ಮೀರಿಲ್ಲ. ಆದರೆ ಮೂರನ್ನೂ ಹೇಳಿದ ದಿನಕ್ಕೆ ಪೂರ್ತಿಯಾಗಿ ಕೊಡುವ ಸ್ಥಿತಿಯಲ್ಲಿ ನಾನು ಈಗ ಇಲ್ಲ.

ಕಾರಣವನ್ನು ಬಿಡಿಸಿ ಹೇಳುತ್ತೇನೆ. ನಮ್ಮ ರಟ್ಟಿನ ಪೆಟ್ಟಿಗೆಗಳಲ್ಲಿ ಶೇಕಡಾ 40ರಷ್ಟನ್ನು ಕೊಳ್ಳುವ ಒಬ್ಬ ದೊಡ್ಡ ಗ್ರಾಹಕರು, ಜೂನ್ 1ರ ನಂತರದ ಎಲ್ಲ ಬಿಲ್‌ಗಳಿಗೆ 45 ದಿನಗಳ ಬದಲು 90 ದಿನಗಳಿಗೆ ಹಣ ಕೊಡುವುದೆಂದು ತೀರ್ಮಾನಿಸಿದರು. ನಮ್ಮನ್ನು ಕೇಳಲಿಲ್ಲ, ತಿಳಿಸಿದರು ಅಷ್ಟೇ. ಜೂನ್ 1ರ ಬಿಲ್ಲಿಗೆ ಜುಲೈ 16ಕ್ಕೆ ಬರಬೇಕಿದ್ದ ಹಣ ಆಗಸ್ಟ್ 30ಕ್ಕೆ ಹೋಯಿತು. ಈ ನಡುವೆ ಅವರಿಂದ ನಮಗೆ ಏನೂ ಬರುವುದಿಲ್ಲ. ತಿಂಗಳಿಗೆ 12 ಲಕ್ಷದ ವ್ಯಾಪಾರ ಅವರದು. ಒಂದೂವರೆ ತಿಂಗಳೆಂದರೆ 18 ಲಕ್ಷ ರೂಪಾಯಿ ದಾರಿಯಲ್ಲೇ ನಿಂತಂತೆ. ನಮಗೆ ನಷ್ಟವಾಗಿಲ್ಲ, ಕೆಲಸವೂ ನಿಂತಿಲ್ಲ. ಆದರೆ ಕೂಲಿ, ವಿದ್ಯುತ್, ಯಂತ್ರದ ಸಾಲದ ಕಂತು ಇವು ಯಾವುವೂ 90 ದಿನ ಕಾಯುವುದಿಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿಯಾಗಿದೆ.

ಈಗ ನನ್ನ ಕೋರಿಕೆ. ಆಗಸ್ಟ್ 7ರಂದು 3,00,000 ರೂಪಾಯಿ ನಿಮ್ಮ ಖಾತೆಗೆ ಬರುತ್ತದೆ. ನಿಮ್ಮ ಉತ್ತರ ಏನೇ ಇರಲಿ, ಇದರಲ್ಲಿ ಬದಲಾವಣೆ ಇಲ್ಲ. ಉಳಿದ 13,40,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ತೀರಿಸಲು ಅವಕಾಶ ಕೊಡಿ: ಸೆಪ್ಟೆಂಬರ್ 10ಕ್ಕೆ 4,40,000, ಸೆಪ್ಟೆಂಬರ್ 30ಕ್ಕೆ 4,50,000, ಅಕ್ಟೋಬರ್ 15ಕ್ಕೆ 4,50,000. ಮೂರಕ್ಕೂ ಅದೇ ದಿನಾಂಕದ ಚೆಕ್‌ಗಳನ್ನು ಈಗಲೇ ಬರೆದುಕೊಡುತ್ತೇನೆ. ಎರಡನೆಯದಾಗಿ, ಇಂದಿನಿಂದ ನವೆಂಬರ್ 30ರವರೆಗೆ ನೀವು ಕಳುಹಿಸುವ ಕಾಗದದ ಬಿಲ್‌ಗಳಿಗೆ 30ರ ಬದಲು 60 ದಿನಗಳ ಅವಧಿ ಬೇಕು. ಡಿಸೆಂಬರ್ 1ರ ಬಿಲ್ಲಿನಿಂದ ಮತ್ತೆ ಮೂವತ್ತೇ ದಿನ. ಹಳೆಯ ಅವಧಿ ಮೀರಿ ಉಳಿಯುವ ಮೊತ್ತಕ್ಕೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಸೇರಿಸಿಕೊಳ್ಳಿ. ಬಡ್ಡಿಯ ಮಾತು ನಮ್ಮ ನಡುವೆ ಎಂದೂ ಬಂದಿರಲಿಲ್ಲ, ನಿಮಗೆ ಮುಜುಗರವೂ ಆಗಬಹುದು. ಆದರೂ ನನ್ನ ತೊಂದರೆಯ ವೆಚ್ಚ ನಿಮ್ಮ ಜೇಬಿನಿಂದ ಹೋಗುವುದು ಸರಿಯಲ್ಲ. ನೀವೂ ಮಿಲ್ಲಿಗೆ ಹಣ ಕಟ್ಟಿಯೇ ಸರಕು ಎತ್ತುವವರು.

ಇದರಿಂದ ನಿಮಗೆ ಆಗುವ ಹೊರೆಯನ್ನೂ ಲೆಕ್ಕ ಹಾಕಿದ್ದೇನೆ. ತಿಂಗಳಿಗೆ 16 ಲಕ್ಷದ ಸುತ್ತ ಇದ್ದ ನಮ್ಮ ಖರೀದಿ, ಗೋದಾಮಿನಲ್ಲಿರುವ ರೀಲುಗಳನ್ನು ಮೊದಲು ಖಾಲಿ ಮಾಡುವುದರಿಂದ, ಸದ್ಯಕ್ಕೆ 10 ಲಕ್ಷಕ್ಕೆ ಇಳಿಯುತ್ತದೆ. ಹಾಗಿದ್ದರೂ ನಾನು ಕೇಳುತ್ತಿರುವ ಅವಧಿಯಲ್ಲಿ ನಿಮಗೆ ಬರಬೇಕಾದ ಒಟ್ಟು ಬಾಕಿ, ಸೆಪ್ಟೆಂಬರ್ ಕೊನೆಯ ಕಂತಿಗೆ ಮುಂಚೆ, 28 ಲಕ್ಷದವರೆಗೂ ಏರುತ್ತದೆ. ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಒಂದು ಮಿತಿ ಹಾಕಿಕೊಳ್ಳೋಣ: ಬಾಕಿ 30 ಲಕ್ಷ ಮುಟ್ಟಿದರೆ, ಅಥವಾ ಒಂದೇ ಒಂದು ಚೆಕ್ ವಾಪಸಾದರೆ, ಮುಂದಿನ ಲಾರಿಯನ್ನು ನನ್ನನ್ನು ಕೇಳದೆಯೇ ನಿಲ್ಲಿಸಿ. ನಾನು ಬೇಸರಪಡುವುದಿಲ್ಲ.

ಹಣ ಎಲ್ಲಿಂದ ಬರುತ್ತದೆ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಿರುತ್ತದೆ. ಆಗಸ್ಟ್ 30ರಿಂದ ಆ ಗ್ರಾಹಕರ ಜೂನ್ ತಿಂಗಳ ಬಿಲ್‌ಗಳು ಒಂದೊಂದಾಗಿ ಪಾವತಿಯಾಗುತ್ತವೆ; ಕಂತುಗಳ ದಿನಾಂಕಗಳನ್ನು ಇದಕ್ಕೆ ಹೊಂದಿಸಿಯೇ ಇಟ್ಟಿದ್ದೇನೆ. ಹಳೆಯ ಹೊಲಿಗೆ ಯಂತ್ರವೊಂದನ್ನು ಮಾರಲು ಮಾತಾಗಿದೆ, ಮುಂಗಡ ಬಂದಿದೆ, ಉಳಿದದ್ದು ಸೆಪ್ಟೆಂಬರಿನಲ್ಲಿ ಬರಬೇಕು. ಓವರ್‌ಡ್ರಾಫ್ಟ್ ಮಿತಿ ಹೆಚ್ಚಿಸಲು ಬ್ಯಾಂಕಿಗೆ ಅರ್ಜಿ ಹಾಕಿದ್ದೇನೆ, ಆದರೆ ಮಂಜೂರಾಗದ ಹಣವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇನ್ನು ಮುಂದೆ ಒಬ್ಬರೇ ಗ್ರಾಹಕರ ಮೇಲೆ ಇಷ್ಟು ಭಾರ ಹಾಕುವುದೂ ಇಲ್ಲ. 15 ದಿನಗಳಿಗೆ ಹಣ ಕೊಡುವ ಇಬ್ಬರು ಸಣ್ಣ ಗ್ರಾಹಕರ ಆರ್ಡರ್‌ಗಳು ಈ ತಿಂಗಳಿನಿಂದ ಆರಂಭವಾಗಿವೆ.

ದರದಲ್ಲಿ ರಿಯಾಯಿತಿ ಬೇಡ. ಸರಕಿನ ಗುಣಮಟ್ಟದಲ್ಲಿ ದೋಷ ಹುಡುಕಿ ಬಿಲ್ ತಡೆಹಿಡಿಯುವ ಜಾಯಮಾನ ನನ್ನದಲ್ಲ. ಹಾಗೆ ಮಾಡುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ನಿಮ್ಮ ಬಾಕಿ ಉಳಿಸಿಕೊಂಡು ಇನ್ನೊಬ್ಬರಿಂದ ನಗದಿಗೆ ಕಾಗದ ತರುವುದೂ ಇಲ್ಲ. ಕಳೆದ ಮಳೆಗಾಲದಲ್ಲಿ ಬಂದ ಲೋಡಿನಲ್ಲಿ ನಾಲ್ಕು ರೀಲುಗಳ ಅಂಚು ತೇವ ಹೀರಿ ಅಲೆಯೆದ್ದಿತ್ತು, ಯಂತ್ರಕ್ಕೆ ಹಾಕಿದರೆ ಹಾಳೆ ಸೊಟ್ಟಗಾಗುತ್ತಿತ್ತು. ನಮ್ಮ ಗೋದಾಮಿನವರು ಫೋಟೋ ಕಳುಹಿಸಿದ ಮರುದಿನವೇ ನೀವು ಬದಲಿ ರೀಲು ಇಳಿಸಿದಿರಿ, ಅದು ಲಾರಿಯಲ್ಲಿ ನೆನೆದದ್ದೋ ನಮ್ಮ ಗೋದಾಮಿನಲ್ಲೋ ಎಂದು ವಾದಕ್ಕೆ ಇಳಿಯಲಿಲ್ಲ. ಇಂಥ ಪೂರೈಕೆದಾರರು ಸುಲಭಕ್ಕೆ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿದೆ.

ಅರವತ್ತು ದಿನ ನಿಮಗೆ ಕಷ್ಟವೆಂದಾದರೆ ನೇರವಾಗಿ ಹೇಳಿ, ಸಂಕೋಚ ಬೇಡ. ನಲವತ್ತೈದು ದಿನಕ್ಕೂ ಹೊಂದಿಸಿಕೊಳ್ಳಬಲ್ಲೆ, ಖರೀದಿಯನ್ನು ಇನ್ನಷ್ಟು ಇಳಿಸಬೇಕಾಗುತ್ತದೆ ಅಷ್ಟೇ. ಇಲ್ಲವೇ ಪ್ರತಿ ಲೋಡಿಗೆ ಅರ್ಧ ಹಣವನ್ನು ಸರಕು ಇಳಿದ ದಿನವೇ ಕೊಟ್ಟು, ಇನ್ನರ್ಧಕ್ಕೆ 60 ದಿನ ಪಡೆಯಬಹುದು. ಹಳೆಯ ಬಾಕಿಯ ಕಂತುಗಳಿಗೆ ಮಾತ್ರ ಒಪ್ಪಿಗೆ ಕೊಟ್ಟರೂ ಈ ತಿಂಗಳು ದಾಟುತ್ತೇನೆ.

ಶುಕ್ರವಾರ, 8ರಂದು ಬೆಳಿಗ್ಗೆ ನಿಮ್ಮ ಕಚೇರಿಗೆ ಬರಲು ಅನುಮತಿ ಕೊಡಿ. ಚೆಕ್‌ಗಳನ್ನೂ, ಆ ಗ್ರಾಹಕರಿಂದ ಬರಬೇಕಾದ ಬಿಲ್‌ಗಳ ಪಟ್ಟಿಯನ್ನೂ, ಬ್ಯಾಂಕಿನ ಕಳೆದ ಮೂರು ತಿಂಗಳ ಹೇಳಿಕೆಯನ್ನೂ ತರುತ್ತೇನೆ. ಪ್ರತಿ ಸೋಮವಾರ ನಮ್ಮ ಲೆಕ್ಕಪತ್ರದವರು ಆ ವಾರದ ಬಾಕಿ ವಿವರವನ್ನು ನಿಮಗೆ ಕಳುಹಿಸುವಂತೆ ಈಗಾಗಲೇ ಹೇಳಿದ್ದೇನೆ. ಯಾವುದಾದರೂ ಕಂತು ಒಂದು ದಿನ ತಡವಾಗುವಂತಿದ್ದರೂ ನಾನೇ ಮುಂಚಿತವಾಗಿ ಫೋನ್ ಮಾಡುತ್ತೇನೆ. ನಿಮ್ಮವರು ನಮ್ಮ ಬಾಗಿಲಿಗೆ ಬಂದು ಕೇಳುವಂತೆ ಆಗಬಾರದು.

ಬರುವ ವಾರಕ್ಕೆ ಕೇಳಿದ್ದ 150 ಜಿಎಸ್‌ಎಂ ಕಾಗದದ ಲೋಡನ್ನು ನಿಮ್ಮ ಉತ್ತರ ಬರುವವರೆಗೆ ತಡೆದಿಡಿ. ಮಿಲ್ಲಿನಲ್ಲಿ ಈಗಾಗಲೇ ತುಂಬಿಸಿಬಿಟ್ಟಿದ್ದರೆ ಇಂದೇ ತಿಳಿಸಿ, ಆ ಒಂದು ಲೋಡಿನ ಮಟ್ಟಿಗೆ ಹಳೆಯ 30 ದಿನಗಳ ಅವಧಿಯಲ್ಲಿಯೇ ಹಣ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಾಲೀಕ, ರಟ್ಟಿನ ಪೆಟ್ಟಿಗೆ ತಯಾರಿಕಾ ಘಟಕ